ಕೆಟ್ಟ ಸುದ್ದಿಯೇ ಇಲ್ಲದೆ ಷೇರು ಕುಸಿದದ್ದೇಕೆ? ನೆಟ್ಟಗೇರಿದ ಬೆಲೆಯ ಕೊನೆಯ ದಿನಗಳನ್ನು ಓದುವ ಬಗೆ

2021ರ ಅಕ್ಟೋಬರ್ 19, ಮಂಗಳವಾರ. ಐಆರ್‌ಸಿಟಿಸಿ ಷೇರು ಅಂದು 6,396 ರೂಪಾಯಿ ಮುಟ್ಟಿತು. ರೈಲು ಟಿಕೆಟ್ ಮಾರುವ ಈ ಸರ್ಕಾರಿ ಕಂಪನಿಯ ಮಾರುಕಟ್ಟೆ ಮೌಲ್ಯ ಮೊದಲ ಬಾರಿಗೆ ಒಂದು ಲಕ್ಷ ಕೋಟಿ ರೂಪಾಯಿ ದಾಟಿತು. ಆದರೆ ಅದೇ ದಿನದ ವಹಿವಾಟಿನಲ್ಲಿ ಬೆಲೆ 5,000ದ ಆಸುಪಾಸಿಗೆ ಜಾರಿ, ಕೊನೆಗೆ ಸುಮಾರು 5,364ರಲ್ಲಿ ನಿಂತಿತು. ಹಿಂದಿನ ದಿನದ ಮುಕ್ತಾಯಕ್ಕೆ ಹೋಲಿಸಿದರೆ ಮೊದಲು ಸುಮಾರು ಶೇ 9ರಷ್ಟು ಏರಿಕೆ, ಆಮೇಲೆ ಸುಮಾರು ಶೇ 9ರಷ್ಟು ಇಳಿಕೆ, ಎರಡೂ ಒಂದೇ ದಿನದೊಳಗೆ. ಮರುದಿನವೂ ಕುಸಿತ ಮುಂದುವರಿದು, ಶಿಖರದಿಂದ ಲೆಕ್ಕ ಹಾಕಿದರೆ ಎರಡು ದಿನದಲ್ಲಿ ಕಾಲುಭಾಗಕ್ಕೂ ಹೆಚ್ಚು ಹಣ ಕರಗಿತು.

ಕಂಪನಿಯ ಕಡೆಯಿಂದ ಅಂದು ಯಾವ ಕೆಟ್ಟ ಸುದ್ದಿಯೂ ಬಂದಿರಲಿಲ್ಲ. ಇನ್ನು ಹತ್ತು ದಿನದೊಳಗೆ ಹತ್ತು ರೂಪಾಯಿ ಮುಖಬೆಲೆಯ ಷೇರು ಎರಡು ರೂಪಾಯಿಯ ಐದು ಷೇರುಗಳಾಗಿ ವಿಭಜನೆಯಾಗುವುದಿತ್ತು. ಬಹುಪಾಲು ಹೂಡಿಕೆದಾರರು ಅದನ್ನು ಶುಭ ಸಂಗತಿ ಎಂದೇ ನೋಡಿದ್ದರು. ಹಾಗಾದರೆ ಬಿದ್ದದ್ದೇಕೆ? ಯಾವುದೇ ಷೇರು ವಾರಗಟ್ಟಲೆ ನೆಟ್ಟಗೆ ಏರಿ ಒಂದು ದಿನ ದಿಢೀರನೆ ಮುರಿದು ಬಿದ್ದಾಗಲೂ ಇದೇ ಪ್ರಶ್ನೆ ಏಳುತ್ತದೆ. ಉತ್ತರ ಬಹಳ ಸಲ ಸುದ್ದಿಯಲ್ಲಿ ಇರುವುದಿಲ್ಲ. ಅದು ಬೆಲೆ ಏರಿದ ವೇಗದಲ್ಲಿ, ಕೈ ಬದಲಾದ ಷೇರುಗಳ ಮೊತ್ತದಲ್ಲಿ ಮತ್ತು ದಿನದ ಕೊನೆಗೆ ಬೆಲೆ ಎಲ್ಲಿ ನಿಂತಿತು ಎಂಬುದರಲ್ಲಿ ಇರುತ್ತದೆ. ಪೇಟೆಯವರು ಇಂಥ ಶಿಖರವನ್ನು ಬ್ಲೋ-ಆಫ್ ಟಾಪ್ ಎಂದೂ, ಅದರ ಜೊತೆಗೆ ಬರುವ ಅಸಾಮಾನ್ಯ ವಹಿವಾಟನ್ನು ಕ್ಲೈಮ್ಯಾಕ್ಸ್ ವಾಲ್ಯೂಮ್ ಎಂದೂ ಕರೆಯುತ್ತಾರೆ.

ದುಪ್ಪಟ್ಟಾಗಲು ಹಿಡಿದ ಕಾಲ

ಬೆಲೆ ಬಹಳ ಏರಿದೆ ಎನ್ನುವುದಷ್ಟೇ ದಣಿವಿನ ಲಕ್ಷಣವಲ್ಲ. ಒಳ್ಳೆಯ ಷೇರುಗಳು ವರ್ಷಗಟ್ಟಲೆ ಏರುತ್ತವೆ. ನೋಡಬೇಕಾದದ್ದು ಏರಿಕೆಯ ವೇಗವೇ ಏರುತ್ತಿದೆಯೇ ಎಂಬುದನ್ನು. ಇದಕ್ಕೆ ಸುಲಭದ ಅಳತೆಗೋಲೊಂದಿದೆ: ಬೆಲೆ ದುಪ್ಪಟ್ಟಾಗಲು ಪ್ರತಿ ಸಲ ಎಷ್ಟು ಕಾಲ ಹಿಡಿಯಿತು?

ಐಆರ್‌ಸಿಟಿಸಿ ಷೇರನ್ನು 2019ರ ಅಕ್ಟೋಬರ್‌ನಲ್ಲಿ ಸಾರ್ವಜನಿಕರಿಗೆ 320 ರೂಪಾಯಿಗೆ ಕೊಡಲಾಯಿತು. ಲಿಸ್ಟ್ ಆದ ದಿನವೇ ಅದು 640 ದಾಟಿತು. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ತನ್ನ ಪಾಲಿನ ಒಂದಷ್ಟನ್ನು ಮಾರಲು ನಿಗದಿ ಮಾಡಿದ ಕನಿಷ್ಠ ಬೆಲೆ 1,367. ಅಂದರೆ ಈ ಎರಡನೆಯ ದುಪ್ಪಟ್ಟಿಗೆ ಹದಿನಾಲ್ಕು ತಿಂಗಳು ಹಿಡಿಯಿತು. ನಡುವೆ ಒಮ್ಮೆ 2,000ದ ಹತ್ತಿರ ಹೋಗಿ ಕೋವಿಡ್ ಸಮಯದಲ್ಲಿ ಬಿದ್ದದ್ದೂ ಇದೆ. 2021ರ ಆಗಸ್ಟ್ ಮಧ್ಯದಲ್ಲಿ, ಷೇರು ವಿಭಜನೆಗೆ ನಿರ್ದೇಶಕ ಮಂಡಳಿ ಒಪ್ಪಿದ ದಿನಗಳಲ್ಲಿ, ಬೆಲೆ 2,700ರ ಸುತ್ತಮುತ್ತ ಇತ್ತು. ಅಂದರೆ ಮೂರನೆಯ ದುಪ್ಪಟ್ಟಿಗೆ ಎಂಟು ತಿಂಗಳು. ಅಲ್ಲಿಂದ 5,400ಕ್ಕೆ ಹೋಗಲು ಎರಡೇ ತಿಂಗಳು ಸಾಕಾಯಿತು. ಆ ಕೊನೆಯ ಹಂತದಲ್ಲೂ ಹೆಚ್ಚಿನ ಓಟವೆಲ್ಲ ಅಕ್ಟೋಬರ್‌ನ ಹನ್ನೆರಡು ಹದಿಮೂರು ವಹಿವಾಟು ದಿನಗಳಲ್ಲಿ ನಡೆದದ್ದು. ತಿಂಗಳ ಆರಂಭದಲ್ಲಿ ಬೆಲೆ ನಾಲ್ಕು ಸಾವಿರದ ಕೆಳಗಿತ್ತು.

ಹದಿನಾಲ್ಕು ತಿಂಗಳು, ಎಂಟು ತಿಂಗಳು, ಎರಡು ತಿಂಗಳು. ಹೀಗೆ ಕಾಲ ಕುಗ್ಗುತ್ತಾ ಬಂದರೆ ಅದಕ್ಕೊಂದು ಕೊನೆ ಇರಲೇಬೇಕು. ಮುಂದಿನ ದುಪ್ಪಟ್ಟು ಎರಡು ವಾರದಲ್ಲಿ, ಅದರ ಮುಂದಿನದು ಮೂರು ದಿನದಲ್ಲಿ ಆಗಬೇಕಾಗುತ್ತದೆ. ಅಷ್ಟು ಹಣ ಹೊರಗಿನಿಂದ ಅಷ್ಟು ಬೇಗ ಬರುವುದು ಸಾಧ್ಯವಿಲ್ಲ.

ಚಾರ್ಟ್ ನೋಡುವವರು ಇಲ್ಲಿ ಒಂದು ಸಣ್ಣ ಎಚ್ಚರಿಕೆ ವಹಿಸಬೇಕು. ಸಾಮಾನ್ಯ ಅಳತೆಯ ಚಾರ್ಟ್‌ನಲ್ಲಿ ಹತ್ತು ವರ್ಷ ನಿಧಾನವಾಗಿ ಏರಿದ ಷೇರೂ ಕೊನೆಯಲ್ಲಿ ಗೋಡೆ ಹತ್ತಿದಂತೆ ಕಾಣುತ್ತದೆ. ಚಾರ್ಟ್‌ನ ಬೆಲೆಯ ಅಕ್ಷವನ್ನು ಲಾಗ್ ಅಳತೆಗೆ ಬದಲಾಯಿಸಿ. ಅಲ್ಲಿ ಸಮನಾದ ಶೇಕಡಾವಾರು ಏರಿಕೆ ನೇರ ಗೆರೆಯಾಗುತ್ತದೆ. ಆ ಅಳತೆಯಲ್ಲೂ ಗೆರೆ ಮೇಲಕ್ಕೆ ಬಾಗಿದ್ದರೆ ಮಾತ್ರ ವೇಗ ನಿಜವಾಗಿ ಹೆಚ್ಚುತ್ತಿದೆ ಎಂದರ್ಥ.

ಮಾರಾಟಕ್ಕೆ ಸಿಗುವ ಷೇರು ಎಷ್ಟು?

ಇನ್ನು ವಾಲ್ಯೂಮ್, ಅಂದರೆ ಒಂದು ದಿನದಲ್ಲಿ ಕೈ ಬದಲಾದ ಷೇರುಗಳ ಸಂಖ್ಯೆ. ಹೆಚ್ಚು ವಾಲ್ಯೂಮ್ ಎಂದರೆ ಹೆಚ್ಚು ಮಂದಿ ಕೊಂಡರು ಎಂದು ಹೇಳುವುದು ರೂಢಿ. ಅದು ಅರ್ಧ ಸತ್ಯ. ಕೊಂಡ ಪ್ರತಿ ಷೇರಿನ ಹಿಂದೆ ಮಾರಿದವರೊಬ್ಬರು ಇದ್ದಾರೆ. ಏರಿಕೆಯ ನಡುವಿನ ಹಂತದಲ್ಲಿ ಷೇರು ಇಟ್ಟುಕೊಂಡವರು ಮಾರಲು ಒಪ್ಪುವುದಿಲ್ಲ. ಹಾಗಾಗಿ ಸಾಧಾರಣ ವಾಲ್ಯೂಮ್‌ನಲ್ಲೇ ಬೆಲೆ ಏರುತ್ತದೆ. ಕೊನೆಯ ಹಂತದಲ್ಲಿ ಎರಡು ಬಗೆಯ ಜನ ಒಟ್ಟಿಗೆ ಪೇಟೆಗೆ ಬರುತ್ತಾರೆ. ಇನ್ನು ಕಾಯಲಾರೆ ಎಂದು ಯಾವ ಬೆಲೆಗಾದರೂ ಕೊಳ್ಳುವವರು ಒಂದು ಕಡೆ. ಲಕ್ಷಗಟ್ಟಲೆ ಷೇರುಗಳನ್ನು ಬೆಲೆ ಕೆಡಿಸದೆ ಮಾರಲು ಇಂಥ ಗಿರಾಕಿಗಳಿಗಾಗಿಯೇ ಕಾದಿದ್ದ ದೊಡ್ಡ ಹಿಡುವಳಿದಾರರು ಇನ್ನೊಂದು ಕಡೆ. ದೊಡ್ಡವರಿಗೆ ಶಾಂತ ದಿನಗಳಲ್ಲಿ ಹೊರಬರುವುದು ಕಷ್ಟ, ಗದ್ದಲದ ದಿನ ಸುಲಭ. ಕ್ಲೈಮ್ಯಾಕ್ಸ್ ವಾಲ್ಯೂಮ್ ಎಂದರೆ ಈ ದೊಡ್ಡ ಹಸ್ತಾಂತರ.

ಎಷ್ಟು ವಾಲ್ಯೂಮ್ ಬಂದರೆ ಅದನ್ನು ಕ್ಲೈಮ್ಯಾಕ್ಸ್ ಎನ್ನಬೇಕು? ಕಳೆದ 50 ದಿನದ ಸರಾಸರಿಯ ಮೂರು, ಐದು ಪಟ್ಟು ಎಂಬ ಲೆಕ್ಕ ಬಳಕೆಯಲ್ಲಿದೆ. ಆದರೆ ಅದಕ್ಕಿಂತ ಹೆಚ್ಚು ಅರ್ಥ ಹೇಳುವ ಲೆಕ್ಕವೆಂದರೆ, ಮಾರಾಟಕ್ಕೆ ನಿಜವಾಗಿ ಲಭ್ಯವಿರುವ ಷೇರುಗಳಲ್ಲಿ ಎಷ್ಟು ಪಾಲು ಕೈ ಬದಲಾಯಿತು ಎಂಬುದು. ವಿಭಜನೆಗೆ ಮುಂಚೆ ಐಆರ್‌ಸಿಟಿಸಿಯ ಒಟ್ಟು ಷೇರುಗಳು 16 ಕೋಟಿ. ಅದರಲ್ಲಿ ಶೇ 67.4 ಕೇಂದ್ರ ಸರ್ಕಾರದ ಕೈಯಲ್ಲಿತ್ತು. ಅವು ದಿನದ ವಹಿವಾಟಿಗೆ ಬರುವುದಿಲ್ಲ. ಉಳಿದದ್ದು ಸುಮಾರು 5.2 ಕೋಟಿ ಷೇರು. ಹೀಗಾಗಿ ಈ ಷೇರಿನಲ್ಲಿ ದಿನಕ್ಕೆ 50 ಲಕ್ಷ ಷೇರು ಕೈ ಬದಲಾದರೂ ಲಭ್ಯ ಪಾಲಿನ ಹತ್ತರಲ್ಲೊಂದು ಭಾಗ ಒಂದೇ ದಿನದಲ್ಲಿ ತಿರುಗಿದಂತೆ. ಸರ್ಕಾರಿ ಕಂಪನಿಗಳು ಏರುವಾಗಲೂ ಇಳಿಯುವಾಗಲೂ ಇಷ್ಟು ಜೋರಾಗಿ ಹೋಗುವುದಕ್ಕೆ ಈ ಕಿರಿದಾದ ಪಾಲೇ ಮುಖ್ಯ ಕಾರಣ. ಒಂದು ಲಕ್ಷ ಕೋಟಿಯ ಮೌಲ್ಯವನ್ನು ತೀರ್ಮಾನಿಸುತ್ತಿದ್ದವರು ಅದರ ಮೂರನೆಯ ಒಂದು ಭಾಗದೊಳಗೆ ಕೊಡು-ಕೊಳ್ಳು ಮಾಡುತ್ತಿದ್ದವರು.

ದಿನದ ಕೊನೆಗೆ ಬೆಲೆ ಎಲ್ಲಿ ನಿಂತಿತು?

ಭಾರಿ ವಾಲ್ಯೂಮ್ ಬಂದ ದಿನ ಬೆಲೆ ಮೇಲೆಯೇ ಮುಗಿದರೆ, ಮಾರಿದವರನ್ನೆಲ್ಲ ಕೊಂಡವರು ನುಂಗಿದರು ಎಂದರ್ಥ. ಅದೇ ವಾಲ್ಯೂಮ್‌ನಲ್ಲಿ ಬೆಲೆ ಕೆಳಗೆ ಮುಗಿದರೆ, ಅಷ್ಟೊಂದು ಕೊಳ್ಳುವಿಕೆಯೂ ಮಾರಾಟದ ಒತ್ತಡವನ್ನು ತಡೆಯಲಾಗಲಿಲ್ಲ. ಇದನ್ನು ಅಳೆಯಲು ಒಂದು ಸಣ್ಣ ಲೆಕ್ಕ ಸಾಕು:

```
(ಮುಕ್ತಾಯ − ದಿನದ ಕನಿಷ್ಠ) ÷ (ದಿನದ ಗರಿಷ್ಠ − ದಿನದ ಕನಿಷ್ಠ)
```

ಉತ್ತರ 1ರ ಹತ್ತಿರವಿದ್ದರೆ ಬೆಲೆ ದಿನದ ಮೇಲ್ತುದಿಯಲ್ಲಿ ಮುಗಿದಿದೆ, 0ಯ ಹತ್ತಿರವಿದ್ದರೆ ತಳದಲ್ಲಿ. ಅಕ್ಟೋಬರ್ 19ರ ಐಆರ್‌ಸಿಟಿಸಿಗೆ ಇದನ್ನು ಹಾಕಿ ನೋಡೋಣ. ಕನಿಷ್ಠವನ್ನು 5,000 ಎಂದು ಹಿಡಿದರೆ, 5,364ರಿಂದ ಅದನ್ನು ಕಳೆದಾಗ 364. ಗರಿಷ್ಠ ಮತ್ತು ಕನಿಷ್ಠದ ಅಂತರ 1,396. ಭಾಗಿಸಿದರೆ ಸುಮಾರು 0.26. ಅಂದರೆ ದಿನವಿಡೀ ನಡೆದ ಓಡಾಟದ ಕೆಳಗಿನ ಕಾಲುಭಾಗದ ಅಂಚಿನಲ್ಲಿ ಬೆಲೆ ನಿಂತಿತು. ಜೊತೆಗೆ ಆ ಒಂದು ದಿನದ ಓಡಾಟವೇ ಹಿಂದಿನ ಮುಕ್ತಾಯದ ಶೇ 24ರಷ್ಟಿತ್ತು. ಏರಿಕೆ ಶುರುವಾದ ಮೇಲಿನ ಅತಿ ಅಗಲದ ದಿನ, ಹೊಸ ಶಿಖರ, ತಳದ ಹತ್ತಿರದ ಮುಕ್ತಾಯ ಮೂರೂ ಒಂದೇ ದಿನ ಸೇರಿದರೆ ಅದು ದಣಿವಿನ ಗಟ್ಟಿ ಲಕ್ಷಣ.

ಗಟ್ಟಿ ಎಂದೆ, ಖಚಿತ ಎನ್ನಲಿಲ್ಲ. ಯಾಕೆಂದರೆ ಇದಕ್ಕಿಂತಲೂ ಸ್ಪಷ್ಟವಾದ ಲಕ್ಷಣ ತೋರಿಸಿ, ಅದನ್ನು ನಂಬಿದವರನ್ನು ಮೂರೇ ದಿನದಲ್ಲಿ ಮುಳುಗಿಸಿದ ಷೇರೊಂದು ಇದೆ.

ಗೇಮ್‌ಸ್ಟಾಪ್ ಹೇಳಿಕೊಡುವ ಪಾಠ

ಅಮೆರಿಕದ ವಿಡಿಯೊ ಗೇಮ್ ಅಂಗಡಿಗಳ ಕಂಪನಿ ಗೇಮ್‌ಸ್ಟಾಪ್‌ನ ಒಟ್ಟು ಷೇರುಗಳು 2021ರ ಜನವರಿಯಲ್ಲಿ ಸುಮಾರು 7 ಕೋಟಿ. ಬೆಲೆ ಇಳಿಯುತ್ತದೆಂದು ಎರವಲು ಪಡೆದು ಮಾರಿದವರ, ಅಂದರೆ ಶಾರ್ಟ್ ಮಾಡಿದವರ ಪಾಲು, ಪೇಟೆಯಲ್ಲಿ ಓಡಾಡುವ ಷೇರುಗಳ ಸಂಖ್ಯೆಯನ್ನೇ ಮೀರಿತ್ತು. ಜನವರಿ 22ರಂದು ಬೆಲೆ 65 ಡಾಲರ್‌ಗೆ ಮುಗಿಯಿತು, ವಾಲ್ಯೂಮ್ 19.7 ಕೋಟಿ. ಕಂಪನಿಯ ಪ್ರತಿ ಷೇರೂ ಒಂದೇ ದಿನದಲ್ಲಿ ಸರಾಸರಿ ಎರಡೂ ಮುಕ್ಕಾಲು ಸಲ ಕೈ ಬದಲಾದಂತೆ ಅದು.

ಮುಂದಿನ ವಹಿವಾಟು ದಿನ ಜನವರಿ 25. ಬೆಲೆ 159 ಡಾಲರ್‌ವರೆಗೆ ನೆಗೆದು, 61ಕ್ಕೆ ಬಿದ್ದು, 76.79ರಲ್ಲಿ ಮುಗಿಯಿತು. ವಾಲ್ಯೂಮ್ 17.8 ಕೋಟಿ. ಮೇಲಿನ ಲೆಕ್ಕ ಹಾಕಿದರೆ 0.16. ಐಆರ್‌ಸಿಟಿಸಿಯ ಶಿಖರದ ದಿನಕ್ಕಿಂತಲೂ ಕೆಟ್ಟ ಮುಕ್ತಾಯ. ಚಾರ್ಟ್ ಓದುವ ಯಾರಿಗೂ ಕಥೆ ಮುಗಿಯಿತು ಅನಿಸುವ ದಿನ. ಆ ಸಂಜೆ 76.79ಕ್ಕೆ ಶಾರ್ಟ್ ಮಾಡಿದವರು ಮರುದಿನ 147.98ರ ಮುಕ್ತಾಯ ನೋಡಿದರು, ಅದರ ಮರುದಿನ 347.51. ಜನವರಿ 28ರಂದು ಬೆಲೆ 483 ಮುಟ್ಟಿತು. ನಿಜವಾದ ಶಿಖರ ಅದು. ಅಂದೇ 112ಕ್ಕೆ ಇಳಿದು 193.60ರಲ್ಲಿ ನಿಂತಿತು. ಫೆಬ್ರವರಿ 2ಕ್ಕೆ ಬೆಲೆ 90.

ಶಿಖರದ ದಿನ, ಜನವರಿ 28ರಂದು, ವಾಲ್ಯೂಮ್ ಕೇವಲ 5.9 ಕೋಟಿ. ಜನವರಿ 22ರ ಮೂರನೆಯ ಒಂದು ಭಾಗದಷ್ಟೂ ಇಲ್ಲ. ಅತಿ ಹೆಚ್ಚು ವಾಲ್ಯೂಮ್ ಬರುವ ದಿನವೇ ಶಿಖರ ಎಂದು ಕಾದವರಿಗೆ ಇಲ್ಲಿ ಏನೂ ಸಿಗುತ್ತಿರಲಿಲ್ಲ.

ಆದರೆ ಷೇರುಗಳ ಸಂಖ್ಯೆಯನ್ನು ಬಿಟ್ಟು ಹಣದ ಮೊತ್ತ ಲೆಕ್ಕ ಹಾಕಿದರೆ ಚಿತ್ರ ಬದಲಾಗುತ್ತದೆ. ಒರಟಾಗಿ ವಾಲ್ಯೂಮನ್ನು ಮುಕ್ತಾಯದ ಬೆಲೆಯಿಂದ ಗುಣಿಸೋಣ. ಜನವರಿ 22ರಂದು ಸುಮಾರು 1,280 ಕೋಟಿ ಡಾಲರ್. 26ರಂದು 2,640 ಕೋಟಿ. 27ರಂದು, 9.3 ಕೋಟಿ ಷೇರುಗಳ ಲೆಕ್ಕದಲ್ಲಿ, 3,240 ಕೋಟಿ. 28ರಂದು ಸುಮಾರು 1,140 ಕೋಟಿ. ಅಂದರೆ ಹಣದ ಲೆಕ್ಕದಲ್ಲಿ ಕ್ಲೈಮ್ಯಾಕ್ಸ್ ಬಂದದ್ದು ಶಿಖರದ ಹಿಂದಿನ ದಿನ. ಬೆಲೆ ಕೆಲವೇ ದಿನಗಳಲ್ಲಿ ಐದು ಪಟ್ಟಾದಾಗ ಒಂದು ಷೇರು ಕೊಳ್ಳಲೂ ಐದು ಪಟ್ಟು ಹಣ ಬೇಕು. ಆದ್ದರಿಂದ ಷೇರುಗಳ ಸಂಖ್ಯೆ ತಾನಾಗಿಯೇ ಕಡಿಮೆಯಾಗುತ್ತದೆ. ಕಡಿದಾದ ಏರಿಕೆಯಲ್ಲಿ ವಹಿವಾಟಿನ ಮೊತ್ತವನ್ನೇ ನೋಡಬೇಕು ಎನ್ನುವುದು ಇದಕ್ಕಾಗಿ. ನಮ್ಮ ಎಕ್ಸ್‌ಚೇಂಜ್‌ಗಳ ಪುಟದಲ್ಲೂ ಈ ಮೊತ್ತ ರೂಪಾಯಿಯಲ್ಲಿ ಪ್ರತಿದಿನ ಸಿಗುತ್ತದೆ.

ಜನವರಿ 28ರ ವಾಲ್ಯೂಮ್ ಕುಸಿಯಲು ಇನ್ನೊಂದು ಕಾರಣವೂ ಇತ್ತು. ಅಂದು ಅಮೆರಿಕದ ಹಲವು ಬ್ರೋಕರ್‌ಗಳು ಈ ಷೇರಿನ ಹೊಸ ಖರೀದಿಯನ್ನು ನಿರ್ಬಂಧಿಸಿದರು. ಮಾರಲು ಅವಕಾಶವಿತ್ತು, ಕೊಳ್ಳಲು ಇರಲಿಲ್ಲ. ಇಂಥ ತಡೆ ಬಿದ್ದ ದಿನದ ವಾಲ್ಯೂಮನ್ನು ಬೇರೆ ದಿನಗಳಿಗೆ ಹೋಲಿಸುವುದು ಸರಿಯಲ್ಲ.

ನಿರ್ಣಯ ಮರುದಿನಗಳಲ್ಲಿ

ಜನವರಿ 25ರ ಗೇಮ್‌ಸ್ಟಾಪ್ ಮತ್ತು ಅಕ್ಟೋಬರ್ 19ರ ಐಆರ್‌ಸಿಟಿಸಿ ಆ ಸಂಜೆಗೆ ಒಂದೇ ಥರ ಕಂಡವು. ವ್ಯತ್ಯಾಸ ಕಂಡದ್ದು ಮರುದಿನ. ಗೇಮ್‌ಸ್ಟಾಪ್ ಮರುದಿನ ಅಷ್ಟೇ ವಾಲ್ಯೂಮ್‌ನಲ್ಲಿ ಹಿಂದಿನ ದಿನದ ಬಿದ್ದ ಭಾಗವನ್ನೆಲ್ಲ ಹೆಚ್ಚುಕಮ್ಮಿ ಮರಳಿ ಪಡೆದು, ದಿನದ ಮೇಲ್ತುದಿಯಲ್ಲೇ ಮುಗಿಯಿತು. ಹಿಂದಿನ ದಿನ ಮಾರಲು ಬಂದ ಷೇರುಗಳನ್ನೆಲ್ಲ ಯಾರೋ ಹೀರಿಕೊಂಡಿದ್ದರು. ಐಆರ್‌ಸಿಟಿಸಿ ಮರುದಿನ ಹಿಂದಿನ ದಿನದ ತಳವನ್ನೇ ಮುರಿದು ಕೆಳಗಿಳಿಯಿತು. ಅಲ್ಲಿಗೆ, 19ರಂದು ಕೊಂಡ ಬಹುತೇಕ ಎಲ್ಲರೂ ನಷ್ಟದಲ್ಲಿದ್ದರು. ನಷ್ಟದಲ್ಲಿರುವ ಹೊಸ ಖರೀದಿದಾರ ಬೆಲೆ ತುಸು ಚೇತರಿಸಿದರೆ ಸಾಕು, ಮಾರಿ ಹೊರಬರಲು ನೋಡುತ್ತಾನೆ. ಹಾಗಾಗಿಯೇ ಪ್ರತಿ ಚೇತರಿಕೆಯೂ ಮಾರಾಟಗಾರರನ್ನು ಎದುರಿಸಬೇಕಾಗುತ್ತದೆ.

ಆದ್ದರಿಂದ ಕ್ರಮ ಹೀಗಿದೆ. ಕ್ಲೈಮ್ಯಾಕ್ಸ್ ದಿನದ ಗರಿಷ್ಠ ಮತ್ತು ಕನಿಷ್ಠಗಳೆರಡನ್ನೂ ಬರೆದಿಟ್ಟುಕೊಳ್ಳಿ. ಮುಂದಿನ ಎರಡು ಮೂರು ದಿನದಲ್ಲಿ ಮುಕ್ತಾಯದ ಬೆಲೆ ಆ ಕನಿಷ್ಠದ ಕೆಳಗೆ ಹೋದರೆ ದಣಿವು ದೃಢಪಟ್ಟಂತೆ. ಗರಿಷ್ಠದ ಮೇಲೆ ಮುಗಿದರೆ ಆ ಸಂಕೇತ ರದ್ದು, ಏರಿಕೆ ಇನ್ನೂ ಮುಗಿದಿಲ್ಲ. ಎರಡರ ನಡುವೆಯೇ ಉಳಿದರೆ ಮುಂದಿನ ಚೇತರಿಕೆಗೆ ಕಾಯಬೇಕು. ಆ ಚೇತರಿಕೆ ಹಳೆಯ ಶಿಖರ ಮುಟ್ಟದೆ, ವಹಿವಾಟಿನ ಮೊತ್ತವೂ ಎದ್ದು ಕಾಣುವಷ್ಟು ಕಡಿಮೆಯಿದ್ದು ತಿರುಗಿ ಇಳಿದರೆ, ಕೊಳ್ಳುವವರು ಬರಿದಾಗಿದ್ದಾರೆ ಎಂದು ತಿಳಿಯಬಹುದು.

ನಮ್ಮ ಪೇಟೆಯಲ್ಲಿ ದಾರಿ ತಪ್ಪಿಸುವ ಸಂಗತಿಗಳು

ಮೊದಲನೆಯದು ಸರ್ಕ್ಯೂಟ್, ಅಂದರೆ ಒಂದು ದಿನದಲ್ಲಿ ಬೆಲೆ ಏರಬಹುದಾದ ಇಲ್ಲವೇ ಇಳಿಯಬಹುದಾದ ಮಿತಿ. ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟಿಗೆ ಒಳಪಟ್ಟ ಷೇರುಗಳಿಗೆ ನಿಗದಿತ ಸರ್ಕ್ಯೂಟ್ ಇರುವುದಿಲ್ಲ. ಅವುಗಳ ಮಿತಿ ಶೇ 10ರಿಂದ ಶುರುವಾಗಿ ಅಗತ್ಯಕ್ಕೆ ತಕ್ಕಂತೆ ಸಡಿಲವಾಗುತ್ತದೆ. ಐಆರ್‌ಸಿಟಿಸಿ ಈ ಗುಂಪಿನದು. ಅದಕ್ಕೇ ಒಂದೇ ದಿನದಲ್ಲಿ ಅಷ್ಟೊಂದು ಓಡಾಟ ಸಾಧ್ಯವಾಯಿತು. ಆದರೆ ಉಳಿದ ಸಾವಿರಾರು ಸಣ್ಣ ಷೇರುಗಳಿಗೆ ಶೇ 2, 5, 10 ಅಥವಾ 20ರ ಮಿತಿ ಇದೆ. ಅಂಥ ಷೇರು ದಿನಾ ಬೆಳಿಗ್ಗೆ ಅಪ್ಪರ್ ಸರ್ಕ್ಯೂಟ್‌ಗೆ ಹೋಗಿ ಕೂತರೆ ವಾಲ್ಯೂಮ್ ಕೆಲವೇ ಸಾವಿರ ಇರುತ್ತದೆ, ಯಾಕೆಂದರೆ ಮಾರುವವರೇ ಇಲ್ಲ. ಅಲ್ಲಿ ಕಡಿಮೆ ವಾಲ್ಯೂಮ್ ಎಂದರೆ ದೌರ್ಬಲ್ಯವಲ್ಲ. ಅಲ್ಲಿ ಕಾಯಬೇಕಾದದ್ದು ಸರ್ಕ್ಯೂಟ್ ತೆರೆದುಕೊಳ್ಳುವ ದಿನಕ್ಕೆ. ಹತ್ತು ಹನ್ನೆರಡು ದಿನ ಬೀಗ ಹಾಕಿಕೊಂಡಿದ್ದ ಷೇರಿನ ಬೀಗ ಒಂದು ದಿನ ತೆರೆದು, ಅಷ್ಟೂ ದಿನಗಳ ವಾಲ್ಯೂಮ್ ಕೂಡಿಸಿದರೂ ಸಾಲದಷ್ಟು ವಹಿವಾಟು ನಡೆದು, ಬೆಲೆ ಕೆಳಗೆ ಮುಗಿದರೆ ಅದೇ ಕ್ಲೈಮ್ಯಾಕ್ಸ್. ಮರುದಿನ ಅದು ಲೋವರ್ ಸರ್ಕ್ಯೂಟ್‌ನಲ್ಲಿ ತೆರೆದರೆ ಮಾರಬೇಕೆಂದರೂ ಕೊಳ್ಳುವವರು ಸಿಗುವುದಿಲ್ಲ. ಹೀಗಾಗಿ ಇಂಥ ಷೇರುಗಳಲ್ಲಿ ದೃಢೀಕರಣಕ್ಕೆ ಕಾಯುವ ಸೌಲಭ್ಯವೇ ಇಲ್ಲ. ಬೀಗ ತೆರೆದ ದಿನವೇ ಒಂದು ಪಾಲು ಮಾರುವುದು ಮೇಲು.

ಎರಡನೆಯದು ಡೆಲಿವರಿ. ಒಟ್ಟು ವಾಲ್ಯೂಮ್‌ನಲ್ಲಿ ಎಷ್ಟು ಷೇರು ನಿಜವಾಗಿ ಡಿಮ್ಯಾಟ್ ಖಾತೆಗೆ ಹೋಯಿತು, ಎಷ್ಟು ಅಂದೇ ಕೊಂಡು ಅಂದೇ ಮಾರಿದ್ದು ಎಂಬ ವಿವರ ಎನ್‌ಎಸ್‌ಇ ಪ್ರತಿದಿನ ಕೊಡುವ sec_bhavdata_full ಕಡತದಲ್ಲಿದೆ. TTL_TRD_QNTY ಒಟ್ಟು ವಾಲ್ಯೂಮ್, DELIV_QTY ಡೆಲಿವರಿಯಾದದ್ದು, DELIV_PER ಅದರ ಶೇಕಡಾವಾರು. ಏರಿಕೆಯ ಕೊನೆಯಲ್ಲಿ ವಾಲ್ಯೂಮ್ ಹಲವು ಪಟ್ಟಾಗಿ ಡೆಲಿವರಿಯ ಶೇಕಡಾವಾರು ಕುಸಿದರೆ, ಆ ಗದ್ದಲದ ಬಹುಪಾಲು ದಿನದ ವಹಿವಾಟುದಾರರದು. ಶೇಕಡಾವಾರು ಇಳಿದರೂ ಡೆಲಿವರಿಯ ಒಟ್ಟು ಸಂಖ್ಯೆ ಏರಿರಬಹುದು. ಹಾಗಾಗಿ ಎರಡನ್ನೂ ನೋಡಿ. ಹಸ್ತಾಂತರ ನಡೆದಿದೆಯೇ ಎಂದು ತಿಳಿಸುವುದು DELIV_QTY.

ಷೇರು ವಿಭಜನೆಯೂ ಹಳೆಯ ಅಂಕಿಗಳನ್ನು ಬದಲಿಸಿಬಿಡುತ್ತದೆ. ಇಂದು ಐಆರ್‌ಸಿಟಿಸಿಯ ಚಾರ್ಟ್ ತೆರೆದರೆ ಶಿಖರ 6,396 ಎಂದು ಕಾಣುವುದಿಲ್ಲ, ಸುಮಾರು 1,279 ಎಂದು ಕಾಣುತ್ತದೆ, ಅಂದರೆ ಐದನೆಯ ಒಂದು ಭಾಗ. ಗೇಮ್‌ಸ್ಟಾಪ್‌ನ 483 ಕೂಡ ಈಗ ನಾಲ್ಕನೆಯ ಒಂದು ಭಾಗವಾಗಿ 120.75 ಎಂದಿದೆ. ಬೆಲೆ ಹೊಂದಿಸಿ ವಾಲ್ಯೂಮ್ ಹೊಂದಿಸದ ಚಾರ್ಟ್‌ನಲ್ಲಿ ವಿಭಜನೆಯ ನಂತರದ ಸಾಮಾನ್ಯ ದಿನವೂ ಕ್ಲೈಮ್ಯಾಕ್ಸ್ ಥರ ಕಾಣುತ್ತದೆ. ಇನ್ನು ಸೂಚ್ಯಂಕಕ್ಕೆ ಷೇರು ಸೇರುವ ಹೊತ್ತಿನ ವಾಲ್ಯೂಮ್ ಮತ್ತು ಇಬ್ಬರು ದೊಡ್ಡವರ ನಡುವಿನ ಬ್ಲಾಕ್ ಡೀಲ್ ಇವೆರಡನ್ನೂ ಲೆಕ್ಕದಿಂದ ಹೊರಗಿಡಬೇಕು. ಬ್ಲಾಕ್ ಮತ್ತು ಬಲ್ಕ್ ಡೀಲ್‌ಗಳ ಪಟ್ಟಿಯನ್ನು ಎಕ್ಸ್‌ಚೇಂಜ್ ಅಂದೇ ಪ್ರಕಟಿಸುತ್ತದೆ.

ಮೂರು ವಾದಗಳು

ಕಂಪನಿಯ ಗಳಿಕೆ ನೋಡುವವರ ವಾದ ಸರಳ. 2019-20ರಲ್ಲಿ ಐಆರ್‌ಸಿಟಿಸಿಯ ಲಾಭ 500 ಕೋಟಿ ರೂಪಾಯಿಯ ಆಸುಪಾಸಿನಲ್ಲಿತ್ತು. ಕೋವಿಡ್‌ನ ಮುಂದಿನ ವರ್ಷ ಅದು ಇನ್ನೂ ಬಹಳ ಕುಸಿದಿತ್ತು. ಒಳ್ಳೆಯ ವರ್ಷದ ಲಾಭವನ್ನೇ ಹಿಡಿದರೂ ಒಂದು ಲಕ್ಷ ಕೋಟಿಯ ಮೌಲ್ಯ ಅದರ ಸುಮಾರು 200 ಪಟ್ಟು. ಆದ್ದರಿಂದ ಬೀಳಲೇಬೇಕಿತ್ತು ಎನ್ನುತ್ತಾರೆ. ಈ ವಾದ ಸರಿ, ಆದರೆ ಇದು ಯಾವಾಗ ಎಂದು ಹೇಳುವುದಿಲ್ಲ. ಬೆಲೆ 3,000 ಇದ್ದಾಗಲೂ ಷೇರು ದುಬಾರಿಯೇ ಆಗಿತ್ತು. ಆಗ ಮಾರಿದವರು ಮುಂದಿನ ದುಪ್ಪಟ್ಟನ್ನು ಕಳೆದುಕೊಂಡರು.

ಏರಿಕೆಯನ್ನು ಹಿಂಬಾಲಿಸುವವರು ಓಡುವ ಷೇರನ್ನು ಬಿಡಬಾರದು, ಅದು ಸರಾಸರಿ ಗೆರೆ ಮುರಿದಾಗ ಮಾರಿದರಾಯಿತು ಎನ್ನುತ್ತಾರೆ. ಸಾಧಾರಣ ಏರಿಕೆಗೆ ಇದು ಒಳ್ಳೆಯ ನಿಯಮ. ನೆಟ್ಟಗೇರಿದ ಷೇರಿಗೆ ಮಾತ್ರ ಒಗ್ಗುವುದಿಲ್ಲ. 50 ದಿನದ ಸರಾಸರಿ ಅಷ್ಟರಲ್ಲಿ ಬೆಲೆಗಿಂತ ಬಹಳ ಕೆಳಗೆ ಉಳಿದಿರುತ್ತದೆ. ಆ ಗೆರೆ ಮುಟ್ಟುವಷ್ಟರಲ್ಲಿ ಲಾಭದ ದೊಡ್ಡ ಪಾಲು ಹೋಗಿರುತ್ತದೆ.

ಮೂರನೆಯ ವಾದ, ಶಿಖರ ಕಾಣುವುದು ಹಿಂತಿರುಗಿ ನೋಡಿದಾಗ ಮಾತ್ರ ಎಂಬುದು. ಗೇಮ್‌ಸ್ಟಾಪ್‌ನ ಜನವರಿ 25 ಇವರ ಪರವಾಗಿ ಬಲವಾದ ಸಾಕ್ಷಿ. ನನ್ನ ದೃಷ್ಟಿಯಲ್ಲಿ ಈ ಮೂರೂ ವಾದಗಳು ಒಂದು ವ್ಯತ್ಯಾಸವನ್ನು ಗಮನಿಸಿಲ್ಲ. ಕ್ಲೈಮ್ಯಾಕ್ಸ್ ದಿನ ಷೇರು ಇಟ್ಟುಕೊಂಡವನಿಗೆ ಹೇಳುವ ಮಾತು ಬೇರೆ, ಹೊರಗೆ ನಿಂತು ಶಾರ್ಟ್ ಮಾಡಹೊರಟವನಿಗೆ ಹೇಳುವ ಮಾತು ಬೇರೆ. ಜನವರಿ 25ರಂದು ಮೂರನೆಯ ಒಂದು ಭಾಗ ಮಾರಿದ ಹಿಡುವಳಿದಾರ ಸಂಕೇತ ತಪ್ಪಾದರೂ ಉಳಿದ ಪಾಲಿನಿಂದ ಲಾಭ ಕಂಡ. ಅದೇ ದಿನ ಶಾರ್ಟ್ ಮಾಡಿದವನು 76 ಡಾಲರ್‌ಗೆ ಮಾರಿದ್ದನ್ನು 300ರ ಮೇಲೆ ಕೊಂಡು ಕೊಡಬೇಕಾಯಿತು. ಈ ಸಂಕೇತವನ್ನು ಹೊರಬರಲು ಬಳಸಿ. ಅದನ್ನು ನಂಬಿ ಶಾರ್ಟ್ ಮಾಡಬೇಡಿ.

ನೂರು ಷೇರಿನ ಲೆಕ್ಕ

ಒಬ್ಬರ ಬಳಿ 2,700 ರೂಪಾಯಿಗೆ ಕೊಂಡ 100 ಐಆರ್‌ಸಿಟಿಸಿ ಷೇರು ಇದ್ದವು ಎಂದುಕೊಳ್ಳೋಣ. ಹೂಡಿದ್ದು 2,70,000. ಅಕ್ಟೋಬರ್ 19ರ ಕೊನೆಯ ಹೊತ್ತಿಗೆ ಲಕ್ಷಣಗಳು ಕೂಡಿಬಂದಿವೆ. 33 ಷೇರು 5,364ರ ಸುತ್ತ ಮಾರಿದರೆ ಕೈಗೆ ಬಂದದ್ದು 1,77,012. ಉಳಿದ 67 ಷೇರಿಗೆ ಅಂದಿನ ತಳವಾದ 5,000ಕ್ಕೆ ಸ್ಟಾಪ್‌ಲಾಸ್ ಟ್ರಿಗರ್, 4,900ಕ್ಕೆ ಲಿಮಿಟ್. ಅಂದರೆ ಬೆಲೆ 5,000ಕ್ಕೆ ಇಳಿದೊಡನೆ ಮಾರಾಟದ ಆರ್ಡರ್ ಜಾರಿಯಾಗಬೇಕು, ಆದರೆ 4,900ಕ್ಕಿಂತ ಕಡಿಮೆಗೆ ಮಾರಬಾರದು. ಟ್ರಿಗರ್ ಮತ್ತು ಲಿಮಿಟ್ ನಡುವೆ ಈ ನೂರು ರೂಪಾಯಿ ಅಂತರ ಬೇಕೇ ಬೇಕು. ಎರಡೂ 5,000 ಆದರೆ ಬೆಲೆ ರಭಸದಿಂದ ಜಾರಿಹೋಗುತ್ತದೆ, ಆರ್ಡರ್ ಹಾಗೇ ಉಳಿಯುತ್ತದೆ. ಇನ್ನೊಂದು ಮಿತಿಯೂ ನೆನಪಿರಲಿ: ಮರುದಿನ ಬೆಲೆ 4,900ಕ್ಕಿಂತ ಕೆಳಗೇ ತೆರೆದರೆ ಈ ಆರ್ಡರ್ ಕೆಲಸಕ್ಕೆ ಬಾರದು. ಆಗ ಅದನ್ನು ರದ್ದು ಮಾಡಿ ಮಾರುಕಟ್ಟೆ ಬೆಲೆಗೇ ಮಾರಬೇಕು.

ಆರ್ಡರ್ ಕೆಲಸ ಮಾಡಿತು, ಆದರೆ 67 ಷೇರೂ ಅದರ ಕೆಳತುದಿಯಾದ 4,900ಕ್ಕೇ ಹೋದವು ಎನ್ನೋಣ. 3,28,300 ಬಂತು. ಒಟ್ಟು 5,05,312, ಸರಾಸರಿ 5,053. ಶಿಖರದ 6,396ಕ್ಕೆ ಹೋಲಿಸಿದರೆ ಶೇ 21 ಕಡಿಮೆ. ಈ ವಿಧಾನ ಶಿಖರದಲ್ಲಿ ಮಾರಿಸುವುದಿಲ್ಲ. ಶಿಖರದಿಂದ ಐದನೆಯ ಒಂದು ಭಾಗ ಬಿಟ್ಟುಕೊಟ್ಟು ಉಳಿದದ್ದನ್ನು ಕೈಗೆ ತರುತ್ತದೆ.

ಸಾಲ ಮಾಡಿ ಕೊಂಡವರ ಲೆಕ್ಕ ಮಾತ್ರ ಬೇರೆಯೇ. 25,000 ಸ್ವಂತ ಹಣ, 75,000 ಬ್ರೋಕರ್‌ನ ಸಾಲ ಸೇರಿಸಿ ಒಂದು ಲಕ್ಷದ ಷೇರು ಕೊಂಡಿದ್ದರೆ, ಬೆಲೆ ಶೇ 20 ಬಿದ್ದಾಗ 20,000 ಹೋಗಿ ಸ್ವಂತದ್ದು ಬರೀ 5,000 ಉಳಿಯುತ್ತದೆ. ಹೆಚ್ಚುವರಿ ಹಣ ತುಂಬದಿದ್ದರೆ ಬ್ರೋಕರ್ ಷೇರನ್ನು ಮಾರಿಬಿಡುತ್ತಾರೆ. ಆ ಮಾರಾಟ ಬೆಲೆಯನ್ನು ಇನ್ನಷ್ಟು ತಳ್ಳುತ್ತದೆ, ಅದು ಮುಂದಿನ ಸಾಲಗಾರನ ಮಿತಿ ಮುಟ್ಟುತ್ತದೆ. ಕ್ಲೈಮ್ಯಾಕ್ಸ್ ನಂತರದ ಎರಡನೆಯ ಮೂರನೆಯ ದಿನಗಳ ಕುಸಿತ ಮೊದಲ ದಿನಕ್ಕಿಂತ ಭಾರಿಯಾಗುವುದು ಬಹಳ ಸಲ ಹೀಗೆ.

ಸುದ್ದಿ ಬಂದದ್ದು ಆಮೇಲೆ

ಐಆರ್‌ಸಿಟಿಸಿಯ ಕುಸಿತವನ್ನು ಇಂದು ನೆನೆಯುವವರು ಅನೇಕರು ಕಾರಣವಾಗಿ ಹೇಳುವುದು ಕನ್ವೀನಿಯನ್ಸ್ ಫೀ ಪ್ರಕರಣವನ್ನು. ಟಿಕೆಟ್‌ನ ಸೇವಾ ಶುಲ್ಕದಲ್ಲಿ ಅರ್ಧ ಪಾಲನ್ನು ರೈಲ್ವೆಗೆ ಕೊಡಬೇಕು ಎಂಬ ನಿರ್ಧಾರ ಬಹಿರಂಗವಾದದ್ದು ಅಕ್ಟೋಬರ್ 28ರ ಸಂಜೆ. ಮರುದಿನ ಬೆಳಿಗ್ಗೆ ವಿಭಜನೆಯಾದ ಷೇರು 900 ಚಿಲ್ಲರೆಯಿಂದ 650ರ ಹತ್ತಿರಕ್ಕೆ ಬಿತ್ತು. ಸರ್ಕಾರ ಅಂದೇ ನಿರ್ಧಾರ ಹಿಂತೆಗೆದುಕೊಂಡಿತು, ಬೆಲೆಯೂ ದೊಡ್ಡ ಪಾಲು ಚೇತರಿಸಿತು. ಆದರೆ ಆ ಸುದ್ದಿ ಬರುವ ಒಂಬತ್ತು ದಿನ ಮೊದಲೇ ಶಿಖರ ಆಗಿಹೋಗಿತ್ತು. ನಿರ್ಧಾರ ಹಿಂತೆಗೆದುಕೊಂಡ ಮೇಲೂ ಬೆಲೆ ಆ ಶಿಖರಕ್ಕೆ ಮರಳಲಿಲ್ಲ. 2024ರ ಮೇ ತಿಂಗಳಲ್ಲಿ ರೈಲ್ವೆ ಷೇರುಗಳೆಲ್ಲ ಓಡಿದಾಗ ಐಆರ್‌ಸಿಟಿಸಿ 1,138ರವರೆಗೆ ಹೋಗಿ ತಿರುಗಿತು. 1,279ಕ್ಕೆ ಇನ್ನೂ 141 ರೂಪಾಯಿ ಬಾಕಿ ಇತ್ತು.